ರೆಗ್ಯುಲರ್ ಮತ್ತು ಡೈರೆಕ್ಟ್: ಭಾವನ ಸ್ಟೇಟ್‌ಮೆಂಟಿನಲ್ಲಿ ಸಿಕ್ಕ ಲೆಕ್ಕ

ಫೆಬ್ರವರಿಯ ಒಂದು ಭಾನುವಾರ ಡೊಂಬಿವಲಿಯ ಅಕ್ಕನ ಮನೆಯಲ್ಲಿ ಊಟ ಮುಗಿಸಿ ಕೂತಿದ್ದೆ. ಭಾವ ಲ್ಯಾಪ್‌ಟಾಪ್ ತಂದು ಮುಂದಿಟ್ಟರು. "ಇದನ್ನು ಒಮ್ಮೆ ತೆರೆದು ಕೊಡು ಮಾರಾಯಾ, ಪಾಸ್‌ವರ್ಡ್ ಕೇಳ್ತದೆ." ಮ್ಯೂಚುವಲ್ ಫಂಡ್ ಸ್ಟೇಟ್‌ಮೆಂಟ್ ಅದು. ಪ್ಯಾನ್ ನಂಬರನ್ನು ದೊಡ್ಡಕ್ಷರದಲ್ಲಿ ಹಾಕಿದೆ, ತೆರೆಯಿತು. ಮೇಲ್‌ಬಾಕ್ಸಿನಲ್ಲಿ ಇಂಥವೇ ಹತ್ತಾರು ಮೇಲ್‌ಗಳು ವರ್ಷಗಳಿಂದ ಹಾಗೇ ಬಿದ್ದಿದ್ದವು. ಒಂದನ್ನೂ ಅವರು ನೋಡಿರಲಿಲ್ಲ.

ಭಾವ 2018ರ ಜೂನ್‌ನಲ್ಲಿ ನಿವೃತ್ತರಾದರು. ಅಂಬರನಾಥದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದವರು. ಬಂದ ದುಡ್ಡಿನಲ್ಲಿ ಹೆಚ್ಚಿನದನ್ನು ಎಫ್‌ಡಿಗೆ ಹಾಕಿ, 5 ಲಕ್ಷವನ್ನು ಮಾತ್ರ ಷೇರುಗಳಲ್ಲಿ ಹೂಡುವ ಒಂದು ಈಕ್ವಿಟಿ ಫಂಡಿಗೆ ಹಾಕಿದರು. ಪರಿಚಯದ ಏಜೆಂಟರೊಬ್ಬರು ಮನೆಗೇ ಬಂದು ಫಾರ್ಮ್ ತುಂಬಿಸಿದ್ದರು. ಈಗ ಅದು ಸುಮಾರು 12.5 ಲಕ್ಷ ಆಗಿದೆ. ಭಾವನಿಗೆ ಖುಷಿ. ಖುಷಿಪಡಬೇಕಾದ್ದೇ, ವರ್ಷಕ್ಕೆ 12 ಶೇಕಡಾಕ್ಕಿಂತ ಸ್ವಲ್ಪ ಜಾಸ್ತಿಯೇ ಬೆಳೆದಿದೆ.

ಆದರೆ ಕೊನೆಯ ಪುಟದ ಹತ್ತಿರ ಒಂದು ಸಾಲು ಇತ್ತು. ಆರು ತಿಂಗಳಲ್ಲಿ ಡಿಸ್ಟ್ರಿಬ್ಯೂಟರಿಗೆ, ಅಂದರೆ ಆ ಏಜೆಂಟರಿಗೆ, ಕೊಟ್ಟ ಕಮಿಷನ್, ಆರು ಸಾವಿರ ರೂಪಾಯಿಯ ಹತ್ತಿರ. ಭಾವ ಕನ್ನಡಕ ಸರಿ ಮಾಡಿಕೊಂಡು ಎರಡು ಸಲ ಓದಿದರು. "ಇದನ್ನು ಯಾರು ಕೊಟ್ಟದ್ದು? ನಾನು ಒಂದು ಪೈಸೆ ಕೊಟ್ಟಿಲ್ಲ. ಫ್ರೀ ಸರ್ವಿಸ್ ಅಂತ ಅವರೇ ಹೇಳಿದ್ದು."

ಕೊಟ್ಟದ್ದು ಭಾವನೇ. ಅದು ಹೇಗೆ ಅಂತ ಅವತ್ತು ಸಂಜೆಯವರೆಗೆ ಮಾತಾಡಿದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮಾಟುಂಗದ ಹಳೆ ಉಡುಪಿ ಹೋಟೆಲುಗಳನ್ನು ನೆನಪಿಸಿಕೊಳ್ಳಿ. ಎಷ್ಟೋ ಕಡೆ ಸಾದಾ ಹಾಲ್ ಬೇರೆ, ಎಸಿ ಹಾಲ್ ಬೇರೆ. ಅಡುಗೆಮನೆ ಒಂದೇ, ಹಿಟ್ಟು ಒಂದೇ, ಕಾವಲಿ ಒಂದೇ. ಎಸಿಯಲ್ಲಿ ಕೂತರೆ ದೋಸೆಗೆ ಸ್ವಲ್ಪ ಜಾಸ್ತಿ. ಮ್ಯೂಚುವಲ್ ಫಂಡಿನ ರೆಗ್ಯುಲರ್ ಪ್ಲಾನ್ ಮತ್ತು ಡೈರೆಕ್ಟ್ ಪ್ಲಾನ್ ಹೀಗೆಯೇ. ಫಂಡ್ ಒಂದೇ, ನೋಡಿಕೊಳ್ಳುವ ಮ್ಯಾನೇಜರ್ ಒಬ್ಬರೇ, ಒಳಗಿರುವ ಷೇರುಗಳು ಅವೇ. ರೆಗ್ಯುಲರ್‌ನಲ್ಲಿ ನಡುವೆ ಒಬ್ಬ ಡಿಸ್ಟ್ರಿಬ್ಯೂಟರ್ ಇರುತ್ತಾರೆ, ಅವರ ಕಮಿಷನ್ ಖರ್ಚಿಗೆ ಸೇರುತ್ತದೆ. ಡೈರೆಕ್ಟ್‌ನಲ್ಲಿ ನೀವು ಫಂಡ್ ಕಂಪನಿಯ ಹತ್ತಿರ ನೇರ ಹೋಗುತ್ತೀರಿ, ಆ ಖರ್ಚು ಇರುವುದಿಲ್ಲ. 2012ರಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಆದೇಶ ಮಾಡಿ, 2013ರ ಜನವರಿ 1ರಿಂದ ಪ್ರತಿ ಫಂಡಿನಲ್ಲೂ ಡೈರೆಕ್ಟ್ ಪ್ಲಾನ್ ಇರಲೇಬೇಕು ಅಂತ ಮಾಡಿತು.

ಹೋಲಿಕೆ ಒಂದು ಕಡೆ ಕೈಕೊಡುತ್ತದೆ. ಎಸಿ ಹಾಲ್‌ನಲ್ಲಿ ಜಾಸ್ತಿ ಬೆಲೆ ಮೆನುವಿನಲ್ಲೇ ಇರುತ್ತದೆ, ಬಿಲ್ಲಿನಲ್ಲೂ ಬರುತ್ತದೆ. ಇಲ್ಲಿ ಬಿಲ್ಲೇ ಬರುವುದಿಲ್ಲ. ದೋಸೆಯ ಒಂದು ಚೂರನ್ನು ಅಡುಗೆಮನೆಯಲ್ಲೇ ಮುರಿದು ಇಟ್ಟುಕೊಂಡು, ಉಳಿದದ್ದನ್ನು ತಟ್ಟೆಗೆ ಹಾಕಿ ಕೊಡುತ್ತಾರೆ. ಇಡೀ ದೋಸೆ ಎಷ್ಟು ದೊಡ್ಡದಿತ್ತು ಅಂತ ನೀವು ನೋಡಿಯೇ ಇರುವುದಿಲ್ಲ.

ಈ ಮುರಿಯುವ ಕೆಲಸ ದಿನಾ ನಡೆಯುತ್ತದೆ. ಫಂಡ್ ನಡೆಸುವುದಕ್ಕೆ ಆಗುವ ಎಲ್ಲ ಖರ್ಚನ್ನೂ ಸೇರಿಸಿ ವರ್ಷಕ್ಕೆ ಇಷ್ಟು ಶೇಕಡಾ ಅಂತ ಲೆಕ್ಕ ಹಾಕುತ್ತಾರೆ. ಇದಕ್ಕೆ ಎಕ್ಸ್‌ಪೆನ್ಸ್ ರೇಶಿಯೋ ಅನ್ನುತ್ತಾರೆ. ಆ ಶೇಕಡಾವನ್ನು ದಿನದ ಲೆಕ್ಕಕ್ಕೆ ಹಂಚಿ, ಪ್ರತಿದಿನ ಫಂಡಿನ ಆಸ್ತಿಯಿಂದ ಕಳೆದು, ಆಮೇಲೆ ಆ ದಿನದ ಎನ್‌ಎವಿ ಪ್ರಕಟಿಸುತ್ತಾರೆ. ಎನ್‌ಎವಿ ಅಂದರೆ ಒಂದು ಯೂನಿಟ್ಟಿನ ಬೆಲೆ. ನಾವು ನೋಡುವ ಎನ್‌ಎವಿ ಯಾವಾಗಲೂ ಖರ್ಚು ಕಳೆದದ್ದೇ. ಪಾಸ್‌ಬುಕ್ಕಿನಲ್ಲಿ ಡೆಬಿಟ್ ಇಲ್ಲ, ಮೊಬೈಲಿಗೆ ಮೆಸೇಜ್ ಇಲ್ಲ. ಭಾವ ಒಂದು ಪೈಸೆ ಕೊಟ್ಟಿಲ್ಲ ಅಂದದ್ದು ಅವರು ಕಂಡಮಟ್ಟಿಗೆ ನಿಜ.

ಒಂದು ಕಾಲದಲ್ಲಿ ಇದು ಕಣ್ಣಿಗೆ ಕಾಣುತ್ತಿತ್ತು. 2009ರ ಆಗಸ್ಟ್‌ಗಿಂತ ಮೊದಲು ಈಕ್ವಿಟಿ ಫಂಡುಗಳಲ್ಲಿ ಸಾಮಾನ್ಯವಾಗಿ 2.25 ಶೇಕಡಾ ಎಂಟ್ರಿ ಲೋಡ್ ಇರುತ್ತಿತ್ತು. ಒಂದು ಲಕ್ಷ ಕೊಟ್ಟರೆ 97,750 ರೂಪಾಯಿ ಹೂಡಿಕೆ ಆಗುತ್ತಿತ್ತು. ಸೆಬಿ ಅದನ್ನು ನಿಲ್ಲಿಸಿತು. ಒಳ್ಳೆಯದೇ ಆಯಿತು. ಆದರೆ ಒಂದೇ ಸಲ ಕತ್ತರಿಸುವುದು ಹೋಯಿತು, ವರ್ಷ ವರ್ಷ ಒಳಗಿಂದಲೇ ಹೋಗುವ ಟ್ರೇಲ್ ಕಮಿಷನ್ ಉಳಿಯಿತು. 2018ರ ಅಕ್ಟೋಬರ್‌ನಲ್ಲಿ ಹೂಡಿಕೆಯ ಹೊತ್ತಿಗೆ ಮುಂಗಡವಾಗಿ ಕೊಡುವ ಕಮಿಷನ್ನನ್ನೂ ಸೆಬಿ ನಿಲ್ಲಿಸಿತು. ಈಗ ಮುಖ್ಯವಾಗಿ ಇರುವುದು ಈ ಟ್ರೇಲ್ ಒಂದೇ.

ಟ್ರೇಲ್ ಅಂದರೆ ಬೆನ್ನು ಹತ್ತಿ ಬರುವುದು. ನಿಮ್ಮ ದುಡ್ಡು ಆ ಪ್ಲಾನಿನಲ್ಲಿ ಇರುವಷ್ಟು ಕಾಲ, ಆ ದಿನದ ಪೂರ್ತಿ ಮೊತ್ತದ ಮೇಲೆ ಅದು ಹೋಗುತ್ತಲೇ ಇರುತ್ತದೆ. ಹಾಕಿದ ದುಡ್ಡಿನ ಮೇಲೆ ಮಾತ್ರ ಅಲ್ಲ, ಬೆಳೆದ ದುಡ್ಡಿನ ಮೇಲೂ. ಈ ಒಂದು ಮಾತು ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಆರು ತಿಂಗಳಿಗೆ ಆರು ಸಾವಿರ ಅಂದರೆ ಭಾವನ ದುಡ್ಡಿನಲ್ಲಿ ವರ್ಷಕ್ಕೆ ಸುಮಾರು ಒಂದು ಶೇಕಡಾ. ಭಾವ ಕೇಳಿದ ಮೊದಲ ಪ್ರಶ್ನೆ ಎಲ್ಲರೂ ಕೇಳುವುದೇ. "ಒಂದು ಶೇಕಡಾ ಅಲ್ವಾ? ನೂರಕ್ಕೆ ಒಂದು. ಹೋಗಲಿ ಬಿಡು."

ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಅವರದೇ 5 ಲಕ್ಷ. ಡೈರೆಕ್ಟ್‌ನಲ್ಲಿ ವರ್ಷಕ್ಕೆ 12 ಶೇಕಡಾ ಬೆಳೆಯಿತು, ರೆಗ್ಯುಲರ್‌ನಲ್ಲಿ 11 ಅಂತ ಇಟ್ಟುಕೊಳ್ಳೋಣ. ಮಾರುಕಟ್ಟೆ ಹೀಗೆ ನೇರ ಗೆರೆಯಲ್ಲಿ ಬೆಳೆಯುವುದಿಲ್ಲ, ಇದು ಲೆಕ್ಕದ ಅನುಕೂಲಕ್ಕೆ. ಒಂದು ವರ್ಷ ಆದಾಗ ವ್ಯತ್ಯಾಸ 5,000 ರೂಪಾಯಿ. ಐದು ವರ್ಷಕ್ಕೆ ಸುಮಾರು 39 ಸಾವಿರ. ಹತ್ತು ವರ್ಷಕ್ಕೆ 1.33 ಲಕ್ಷ. ಇಲ್ಲಿಯವರೆಗೆ ಭಾವ ತಲೆ ಆಡಿಸುತ್ತಿದ್ದರು. ಇಪ್ಪತ್ತು ವರ್ಷಕ್ಕೆ ಡೈರೆಕ್ಟ್‌ನಲ್ಲಿ 48.2 ಲಕ್ಷ, ರೆಗ್ಯುಲರ್‌ನಲ್ಲಿ 40.3 ಲಕ್ಷ. ವ್ಯತ್ಯಾಸ 7.9 ಲಕ್ಷ. ಹಾಕಿದ್ದೇ 5 ಲಕ್ಷ!

ತಿಂಗಳು ತಿಂಗಳು ಎಸ್‌ಐಪಿ ಮಾಡುವವರ ಕತೆಯೂ ಇದೇ, ಸ್ವಲ್ಪ ನಿಧಾನ ಅಷ್ಟೇ. ಅಕ್ಕನ ಮಗ ತಿಂಗಳಿಗೆ 10,000 ಹಾಕುತ್ತಾನೆ. ಇದೇ ದರಗಳಲ್ಲಿ ಇಪ್ಪತ್ತು ವರ್ಷಕ್ಕೆ ಡೈರೆಕ್ಟ್‌ನಲ್ಲಿ ಸುಮಾರು 92 ಲಕ್ಷ, ರೆಗ್ಯುಲರ್‌ನಲ್ಲಿ ಸುಮಾರು 81.5 ಲಕ್ಷ ಆಗುತ್ತದೆ. ಅವನು ಕಿಸೆಯಿಂದ ಹಾಕುವುದು ಒಟ್ಟು 24 ಲಕ್ಷ.

ಇಲ್ಲಿ ಏಜೆಂಟರಿಗೆ ಅನ್ಯಾಯ ಆಗದ ಹಾಗೆ ಒಂದು ಮಾತು ಹೇಳಬೇಕು. ಆ 7.9 ಲಕ್ಷ ಪೂರ್ತಿ ಅವರ ಜೇಬಿಗೆ ಹೋಗುವುದಿಲ್ಲ. ವರ್ಷ ವರ್ಷದ ಒಂದು ಶೇಕಡಾವನ್ನು ಕೂಡಿಸುತ್ತಾ ಹೋದರೆ ಇಪ್ಪತ್ತು ವರ್ಷದಲ್ಲಿ ಅವರಿಗೆ ಸಿಗುವುದು ಸುಮಾರು 3.2 ಲಕ್ಷ. ಹಾಗಾದರೆ ಉಳಿದ 4.7 ಲಕ್ಷ ಎಲ್ಲಿ ಹೋಯಿತು? ಯಾರ ಕೈಗೂ ಹೋಗಲಿಲ್ಲ. ಮೊದಲ ವರ್ಷ ಹೋದ 5,000 ರೂಪಾಯಿ ನಿಮ್ಮಲ್ಲೇ ಇದ್ದಿದ್ದರೆ ಮುಂದಿನ ಹತ್ತೊಂಬತ್ತು ವರ್ಷ ಬೆಳೆಯುತ್ತಿತ್ತು. ಎರಡನೆಯ ವರ್ಷದ್ದು ಹದಿನೆಂಟು ವರ್ಷ. ಕಳೆದುಹೋದದ್ದು ಆ ಬೆಳೆ. ತೆಂಗಿನ ಸಸಿ ಕೊಟ್ಟುಬಿಟ್ಟರೆ ಹೋಗುವುದು ಸಸಿ ಒಂದೇ ಅಲ್ಲವಲ್ಲ, ಮುಂದೆ ಬಿಡುವ ಕಾಯಿಗಳೂ ಹೋದವು. ಕಮಿಷನ್ನಿಗಿಂತ, ಆ ಕಮಿಷನ್ ದುಡ್ಡು ನಿಮ್ಮಲ್ಲೇ ಇದ್ದು ತರಬಹುದಾಗಿದ್ದ ಬೆಳೆಯೇ ದೊಡ್ಡದು. ಹಾಗಾಗಿ ನಷ್ಟ ಮೊದಲ ಹತ್ತು ವರ್ಷ ಕಾಣುವುದೇ ಇಲ್ಲ, ಆಮೇಲೆ ಒಮ್ಮೆಲೇ ದಪ್ಪ ಆಗುತ್ತದೆ.

ಇನ್ನೊಂದು ಕಡೆಯಿಂದಲೂ ನೋಡಬಹುದು. ಮೊದಲ ವರ್ಷ ಏಜೆಂಟರಿಗೆ ಹೋಗುವುದು 5,000. ಇಪ್ಪತ್ತನೆಯ ವರ್ಷ, ಅದೇ ಒಂದು ಶೇಕಡಾ, ಸುಮಾರು 36,000. ಕೆಲಸ ಏಳು ಪಟ್ಟು ಜಾಸ್ತಿ ಆಗಿರುತ್ತದಾ? ಭಾವನ ವಿಷಯದಲ್ಲಿ ವರ್ಷಕ್ಕೊಂದು ಕ್ಯಾಲೆಂಡರ್, ದೀಪಾವಳಿಗೊಂದು ಫೋನ್. ಅದು ಮೊದಲ ವರ್ಷವೂ ಇತ್ತು, ಎಂಟನೆಯ ವರ್ಷವೂ ಇದೆ.

ಒಂದು ಶೇಕಡಾ ಅನ್ನುವುದನ್ನೂ ಎಲ್ಲ ಫಂಡಿಗೂ ಅಂಟಿಸಬೇಡಿ. ಮ್ಯಾನೇಜರ್ ಷೇರು ಆರಿಸುವ ಈಕ್ವಿಟಿ ಫಂಡುಗಳಲ್ಲಿ ವ್ಯತ್ಯಾಸ ಸಾಮಾನ್ಯವಾಗಿ ಅರ್ಧ ಶೇಕಡಾದಿಂದ ಒಂದರ ಆಚೀಚೆ ಇರುತ್ತದೆ. ಫಂಡ್ ತುಂಬಾ ದೊಡ್ಡದಾದರೆ ಕಡಿಮೆ, ಸಣ್ಣದಾದರೆ ಜಾಸ್ತಿ. ಸೂಚ್ಯಂಕವನ್ನು ಹಾಗೇ ಅನುಸರಿಸುವ ಇಂಡೆಕ್ಸ್ ಫಂಡ್, ಲಿಕ್ವಿಡ್ ಫಂಡುಗಳಲ್ಲಿ ಇನ್ನೂ ಕಡಿಮೆ. ಮೂರು ತಿಂಗಳಿಗೆ ದುಡ್ಡು ಇಡುವ ಲಿಕ್ವಿಡ್ ಫಂಡಿನಲ್ಲಿ ಇದಕ್ಕೆ ತಲೆ ಕೆಡಿಸಿಕೊಳ್ಳುವುದು ವ್ಯರ್ಥ. ವ್ಯತ್ಯಾಸ 0.6 ಶೇಕಡಾ ಅಂತ ಹಿಡಿದರೂ ಭಾವನ 5 ಲಕ್ಷದಲ್ಲಿ ಇಪ್ಪತ್ತು ವರ್ಷಕ್ಕೆ ಸುಮಾರು 4.9 ಲಕ್ಷ ಕಡಿಮೆ ಆಗುತ್ತದೆ. ಹಾಗಾಗಿ ಊಹೆ ಮಾಡುವ ಬದಲು ನಿಮ್ಮ ಫಂಡಿನ ಸಂಖ್ಯೆಯನ್ನೇ ನೋಡುವುದು ಒಳ್ಳೆಯದು.

ನೋಡುವುದು ಹೇಗೆ? ಫಂಡ್ ಕಂಪನಿಯ ಜಾಲತಾಣದಲ್ಲಿ ಎರಡೂ ಪ್ಲಾನಿನ ಎಕ್ಸ್‌ಪೆನ್ಸ್ ರೇಶಿಯೋ ಇರುತ್ತದೆ, ಒಂದರಿಂದ ಇನ್ನೊಂದನ್ನು ಕಳೆದರೆ ಆಯಿತು. ನನಗೆ ಇಷ್ಟವಾದ ದಾರಿ ಬೇರೆ. 2013ರ ಜನವರಿಯಲ್ಲಿ ಡೈರೆಕ್ಟ್ ಪ್ಲಾನ್ ಶುರುವಾದಾಗ, ಅದಾಗಲೇ ನಡೆಯುತ್ತಿದ್ದ ಫಂಡುಗಳಲ್ಲಿ ಎರಡೂ ಎನ್‌ಎವಿ ಹೆಚ್ಚುಕಡಿಮೆ ಒಂದೇ ಜಾಗದಿಂದ ಹೊರಟವು. ಅವತ್ತಿನಿಂದ ದಿನಾ ಬೇರೆ ಬೇರೆ ಖರ್ಚು ಕಳೆಯುತ್ತಾ ಎರಡೂ ದೂರ ಸರಿಯುತ್ತಾ ಬಂದಿವೆ. ಅಂಥ ಹಳೆಯ ಫಂಡಿನ ಇವತ್ತಿನ ಡೈರೆಕ್ಟ್ ಎನ್‌ಎವಿಯನ್ನು ರೆಗ್ಯುಲರ್ ಎನ್‌ಎವಿಯಿಂದ ಭಾಗಿಸಿ. 1.12 ಬಂದರೆ, ಹದಿಮೂರು ವರ್ಷದಲ್ಲಿ ಡೈರೆಕ್ಟ್‌ನವರ ಹತ್ತಿರ 12 ಶೇಕಡಾ ಜಾಸ್ತಿ ದುಡ್ಡಿದೆ ಅಂತ ಅರ್ಥ. ವರ್ಷಕ್ಕೆ ಸುಮಾರು ಒಂದು ಶೇಕಡಾ ವ್ಯತ್ಯಾಸ ಇದ್ದರೆ ಇಷ್ಟೇ ಬರುತ್ತದೆ. ಇದು ಊಹೆಯ ದರ ಹಾಕಿ ಮಾಡಿದ ಲೆಕ್ಕ ಅಲ್ಲ, ನಡೆದದ್ದು.

ಇಲ್ಲೇ ಹಲವರು ಎಡವುತ್ತಾರೆ. ಡೈರೆಕ್ಟ್ ಎನ್‌ಎವಿ ದೊಡ್ಡದು ನೋಡಿ "ಅದು ದುಬಾರಿ, ಯೂನಿಟ್ ಕಡಿಮೆ ಸಿಗ್ತದೆ" ಅನ್ನುತ್ತಾರೆ. ಭಾವನೂ ಅದನ್ನೇ ಅಂದರು. ಯೂನಿಟ್ ಕಡಿಮೆ ಸಿಗುವುದು ನಿಜ. ಆದರೆ ನೂರು ರೂಪಾಯಿಗೆ ಸಿಗುವುದು ನೂರು ರೂಪಾಯಿಯ ಷೇರುಗಳೇ. ಒಂದು ಕಿಲೋ ಅಕ್ಕಿಯನ್ನು ಎರಡು ಚೀಲದಲ್ಲಿ ಕೊಟ್ಟರೂ ನಾಲ್ಕು ಚೀಲದಲ್ಲಿ ಕೊಟ್ಟರೂ ಕಿಲೋ ಕಿಲೋನೇ. ಎನ್‌ಎವಿ ದೊಡ್ಡದಾಗಿರುವುದು ಇಷ್ಟು ವರ್ಷ ಅಲ್ಲಿ ಕಡಿಮೆ ಕಳೆದದ್ದಕ್ಕೆ.

ನಿಮ್ಮದು ಯಾವ ಪ್ಲಾನ್ ಅಂತ ಸ್ಟೇಟ್‌ಮೆಂಟಿನಲ್ಲಿ ಫಂಡಿನ ಹೆಸರಿನ ಕೊನೆಯಲ್ಲಿ ಬರೆದಿರುತ್ತದೆ: `Direct Plan - Growth` ಅಥವಾ `Regular Plan - Growth`. ಕೆಲವು ಹಳೆ ಫಂಡುಗಳಲ್ಲಿ ಎರಡೂ ಇಲ್ಲದೆ ಬರೀ `Growth` ಅಂತ ಇರುತ್ತದೆ. ಹಾಗಿದ್ದರೆ ಅದು ರೆಗ್ಯುಲರ್ರೇ. ಇನ್ನೊಂದು ಗುರುತು `ARN-` ಅಂತ ಶುರುವಾಗುವ ನಂಬರ್. ಅದು ಡಿಸ್ಟ್ರಿಬ್ಯೂಟರಿನ ನೋಂದಣಿ ಸಂಖ್ಯೆ, ಫಂಡ್ ಕಂಪನಿಗಳ ಸಂಘ ಆ್ಯಂಫಿ ಕೊಡುವಂಥದ್ದು. ನಿಮ್ಮ ಬ್ಯಾಂಕಿನ ಶಾಖೆಯಲ್ಲಿ ಕೂತು ಫಂಡ್ ತೆಗೆದುಕೊಂಡಿದ್ದರೆ ಅಲ್ಲಿ ಬ್ಯಾಂಕಿನ ಎಆರ್‌ಎನ್ ಇರುತ್ತದೆ. ಬ್ಯಾಂಕೂ ಡಿಸ್ಟ್ರಿಬ್ಯೂಟರೇ, ಇದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಇನ್ನು ಕಮಿಷನ್ ಮೊತ್ತವನ್ನು ರೂಪಾಯಿ ಲೆಕ್ಕದಲ್ಲಿ ತಿಳಿಸಬೇಕು ಅಂತ ಸೆಬಿ 2016ರಲ್ಲೇ ಹೇಳಿದೆ. ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಗೆ ಮುಗಿಯುವ ಅರ್ಧವಾರ್ಷಿಕ ಸ್ಟೇಟ್‌ಮೆಂಟಿನಲ್ಲಿ ಅದು ಬರುತ್ತದೆ. ಭಾವನ ಕಣ್ಣಿಗೆ ಬಿದ್ದದ್ದು ಅದೇ ಸಾಲು.

"ಹಾಗಾದ್ರೆ ನಾಳೆಯೇ ಬದಲಾಯಿಸುವ," ಅಂದರು ಭಾವ. ಅವರು ಹಾಗೇ, ಎಂಟು ವರ್ಷ ಸುಮ್ನೆ ಕೂತು ಆಮೇಲೆ ಒಂದು ರಾತ್ರಿ ಕಾಯಲಾರರು. ನಾನು ತಡೆದೆ. ಇದರಲ್ಲಿ ತೆರಿಗೆಯ ಗಂಟು ಇದೆ.

ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ ಹೋಗುವುದಕ್ಕೆ ಸ್ವಿಚ್ ಅನ್ನುತ್ತಾರೆ. ಫಂಡ್ ಅದೇ ಆದರೂ ಆದಾಯ ತೆರಿಗೆಯ ಕಣ್ಣಿಗೆ ಅದು ಮಾರಿ ಮತ್ತೆ ಕೊಂಡ ಹಾಗೆ. ಈಕ್ವಿಟಿ ಫಂಡನ್ನು ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ, ಒಂದು ಹಣಕಾಸು ವರ್ಷದಲ್ಲಿ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ. ಅದರ ಮೇಲಿನದಕ್ಕೆ 12.5 ಶೇಕಡಾ, ಜೊತೆಗೆ ಸೆಸ್. ಭಾವನ ಲಾಭ 7.5 ಲಕ್ಷ. ಒಂದೇ ಸಲ ಸ್ವಿಚ್ ಮಾಡಿದರೆ 6.25 ಲಕ್ಷಕ್ಕೆ ತೆರಿಗೆ ಬೀಳುತ್ತದೆ, ಸೆಸ್ ಸೇರಿ 81,250 ರೂಪಾಯಿ. ಉಳಿಯುವ ಕಮಿಷನ್ ವರ್ಷಕ್ಕೆ ಸುಮಾರು 12,500. ಮೇಲ್ನೋಟಕ್ಕೆ ಈ ತೆರಿಗೆ ತುಂಬಿಕೊಳ್ಳುವುದಕ್ಕೇ ಆರೇಳು ವರ್ಷ ಬೇಕು.

ಮೇಲ್ನೋಟಕ್ಕೆ ಅಂದೆ ನೋಡಿ. ತೆರಿಗೆ ಹೊಸದಾಗಿ ಹುಟ್ಟುವುದಲ್ಲ. ಇವತ್ತಲ್ಲದಿದ್ದರೆ ಮಾರುವ ದಿನ ಕಟ್ಟಲೇಬೇಕು. ಸ್ವಿಚ್ ಮಾಡಿದಾಗ ಅದನ್ನು ಮುಂಚೆ ಕಟ್ಟುತ್ತೀರಿ, ಮತ್ತು ಹೊಸ ಯೂನಿಟ್ಟುಗಳ ಕೊಂಡ ಬೆಲೆ ಇವತ್ತಿನ ಬೆಲೆಯಾಗುತ್ತದೆ, ಮುಂದೆ ಮಾರುವಾಗ ಅಷ್ಟು ತೆರಿಗೆ ಕಡಿಮೆ. ಹಾಗಾಗಿ ನಿಜವಾದ ನಷ್ಟ 81 ಸಾವಿರ ಅಲ್ಲ, ಆ ದುಡ್ಡು ಇನ್ನಷ್ಟು ಕಾಲ ನಿಮ್ಮಲ್ಲಿದ್ದು ಬೆಳೆಯುವ ಅವಕಾಶ ಮಾತ್ರ. ಆದರೂ ಕಟ್ಟದೇ ಇರಬಹುದಾದ್ದನ್ನು ಯಾಕೆ ಕಟ್ಟಬೇಕು?

ನಾವು ಮಾಡಿದ್ದು ಹೀಗೆ. ಭಾವನದು ಒಂದೇ ದಿನ ಹಾಕಿದ ದುಡ್ಡು, ಹಾಗಾಗಿ ಪ್ರತಿ ಯೂನಿಟ್ಟಿನಲ್ಲೂ ಲಾಭದ ಪಾಲು ಒಂದೇ. 12.5 ಲಕ್ಷದಲ್ಲಿ 7.5 ಲಕ್ಷ ಲಾಭ, ಅಂದರೆ ನೂರು ರೂಪಾಯಿಗೆ ಅರವತ್ತು. 1.25 ಲಕ್ಷ ಲಾಭ ಬರಬೇಕಾದರೆ ಸುಮಾರು 2.08 ಲಕ್ಷದ ಯೂನಿಟ್ ಸ್ವಿಚ್ ಮಾಡಬಹುದು. ಬೆಲೆ ಏರಿಳಿಯುತ್ತದೆ ಅಂತ 2 ಲಕ್ಷಕ್ಕೆ ನಿಲ್ಲಿಸಿಕೊಂಡೆವು. ಮಾರ್ಚ್ 31ರೊಳಗೆ ಒಂದು 2 ಲಕ್ಷ. ಏಪ್ರಿಲ್ 1 ದಾಟಿದ ಮೇಲೆ ಹೊಸ ಹಣಕಾಸು ವರ್ಷ, ಹೊಸ ಮಿತಿ, ಇನ್ನೊಂದು 2 ಲಕ್ಷ. ಎರಡು ಮೂರು ವಾರದ ಅಂತರದಲ್ಲಿ ಮೂರನೇ ಒಂದು ಭಾಗ ತೆರಿಗೆ ಇಲ್ಲದೆ ಆಚೆ ದಾಟುತ್ತದೆ. ಉಳಿದದ್ದು ವರ್ಷ ವರ್ಷ ಇಷ್ಟಿಷ್ಟು. ಒಂದು ಎಚ್ಚರ: ಈ 1.25 ಲಕ್ಷದ ಮಿತಿಯಲ್ಲಿ ಷೇರು ಮಾರಿದ ಲಾಭವೂ ಸೇರುತ್ತದೆ. ಭಾವನ ಹತ್ತಿರ ಷೇರು ಇರಲಿಲ್ಲ, ಹಾಗಾಗಿ ಪೂರ್ತಿ ಮಿತಿ ಸಿಕ್ಕಿತು.

ಎಸ್‌ಐಪಿ ಹಣವಾದರೆ ಲೆಕ್ಕ ಬೇರೆ. ಮೊದಲು ಕೊಂಡ ಯೂನಿಟ್ ಮೊದಲು ಮಾರಿದ ಹಾಗೆ ಅಂತ ತೆರಿಗೆಯವರು ಹಿಡಿಯುತ್ತಾರೆ. ಹಳೆಯ ಯೂನಿಟ್ಟಿನಲ್ಲಿ ಲಾಭ ಜಾಸ್ತಿ, ಹಾಗಾಗಿ ಮಿತಿ ಬೇಗ ತುಂಬುತ್ತದೆ. ಇತ್ತೀಚಿನ ಕಂತುಗಳಿಗೆ ಒಂದು ವರ್ಷ ಆಗಿರುವುದಿಲ್ಲ, ಅವುಗಳ ಲಾಭಕ್ಕೆ 20 ಶೇಕಡಾ ತೆರಿಗೆ, ಜೊತೆಗೆ ಎಷ್ಟೋ ಈಕ್ವಿಟಿ ಫಂಡುಗಳಲ್ಲಿ ಬೇಗ ಹೊರಬಿದ್ದದ್ದಕ್ಕೆ ಕಳೆಯುವ ಒಂದು ಶೇಕಡಾ ಎಕ್ಸಿಟ್ ಲೋಡ್. ಅವನ್ನು ವರ್ಷ ತುಂಬುವವರೆಗೆ ಮುಟ್ಟದಿರುವುದೇ ವಾಸಿ. ತೆರಿಗೆ ಉಳಿಸುವ ಇಎಲ್‌ಎಸ್‌ಎಸ್ ಫಂಡಿನಲ್ಲಿ ಮೂರು ವರ್ಷದ ಬೀಗ ಇದೆ. ಬೀಗ ತೆರೆದ ಮೇಲೆ ಡೈರೆಕ್ಟ್‌ಗೆ ಸ್ವಿಚ್ ಮಾಡಿದರೆ ಹೊಸದಾಗಿ ಮತ್ತೆ ಮೂರು ವರ್ಷ ಬೀಗ ಬೀಳುತ್ತದೆ. ಇದನ್ನು ಮರೆತು ಮಗಳ ಫೀಸ್ ಹೊತ್ತಿಗೆ ಸಿಕ್ಕಿಕೊಂಡವರೊಬ್ಬರು ನಮ್ಮ ಆಫೀಸಿನಲ್ಲೇ ಇದ್ದಾರೆ.

ಭಾವನಿಗೂ ಇಂಥದೇ ಒಂದು ಸಂಗತಿ ಇತ್ತು. ಮನೆ ರಿಪೇರಿಗೆ ಈ ವರ್ಷವೇ ಒಂದಿಷ್ಟು ದುಡ್ಡು ಬೇಕು. ಸ್ವಿಚ್ ಮಾಡಿದ ಡೈರೆಕ್ಟ್ ಯೂನಿಟ್ ಹೊಸದು, ಅದರ ವರ್ಷದ ಲೆಕ್ಕ ಸೊನ್ನೆಯಿಂದ ಶುರು. ಅದನ್ನು ಮಾರಬಾರದು. ರಿಪೇರಿಗೆ ಬೇಕಾದ್ದನ್ನು ಉಳಿದ ರೆಗ್ಯುಲರ್ ಯೂನಿಟ್ಟಿನಿಂದಲೇ ತೆಗೆಯಬೇಕು. ಆದರೆ ಹಾಗೆ ತೆಗೆದದ್ದರ ಲಾಭವೂ ಅದೇ 1.25 ಲಕ್ಷದ ಮಿತಿಯನ್ನು ತಿನ್ನುತ್ತದೆ. ಹಾಗಾಗಿ ಏಪ್ರಿಲ್‌ನ ಸ್ವಿಚ್ಚನ್ನು 2 ಲಕ್ಷದಿಂದ 1 ಲಕ್ಷಕ್ಕೆ ಇಳಿಸಿ, ಉಳಿದ 1 ಲಕ್ಷ ರಿಪೇರಿಗೆ ಅಂತ ಬರೆದುಕೊಂಡೆವು. ಅಕ್ಕ ಅಡುಗೆಮನೆಯಿಂದಲೇ ಕೂಗಿದರು, "ಬಾತ್‌ರೂಮಿನ ಟೈಲ್ಸ್ ಒಂದೂವರೆ ಆಗ್ತದೆ." ಇನ್ನೂ ಅರ್ಧ ಲಕ್ಷ ಇಳಿಸಿದೆವು.

ನಾನು ಕಂಡ ದೊಡ್ಡ ತಪ್ಪು ಇದಕ್ಕಿಂತ ಸರಳವಾದದ್ದು. ಡೈರೆಕ್ಟ್ ಬಗ್ಗೆ ಗೊತ್ತಾದ ಕೂಡಲೇ ಜನ ಮೊಬೈಲಿನಲ್ಲಿ ಹೊಸ ಡೈರೆಕ್ಟ್ ಎಸ್‌ಐಪಿ ಶುರು ಮಾಡುತ್ತಾರೆ, ಹಳೆಯದನ್ನು ನಿಲ್ಲಿಸುತ್ತಾರೆ, ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಹಳೆ ರೆಗ್ಯುಲರ್‌ನಲ್ಲಿ ಹದಿನೈದು ಲಕ್ಷ ಹಾಗೇ ಕೂತಿರುತ್ತದೆ. ಟ್ರೇಲ್ ಹೋಗುವುದು ಇರುವ ಮೊತ್ತದ ಮೇಲೆ, ಬರುವ ಕಂತಿನ ಮೇಲಲ್ಲ. ಹೊಸ ಕಂತಿನಲ್ಲಿ ಮೊದಲ ವರ್ಷ ಉಳಿಯುವುದು ಕೆಲವು ನೂರು ರೂಪಾಯಿ, ಹಳೆ ಗಂಟಿನಿಂದ ಹೋಗುವುದು ಹದಿನೈದು ಸಾವಿರ. ಏಜೆಂಟರನ್ನು ಬದಲಾಯಿಸಿದರೂ ಇದು ನಿಲ್ಲುವುದಿಲ್ಲ. ಎಆರ್‌ಎನ್ ಬೇರೆಯಾಗುತ್ತದೆ, ಪ್ಲಾನ್ ರೆಗ್ಯುಲರ್ ಆಗಿಯೇ ಇರುತ್ತದೆ.

ಸ್ವಿಚ್ ಮಾಡುವುದಕ್ಕೆ ಭಾವ ಫಂಡ್ ಕಂಪನಿಯ ಜಾಲತಾಣವನ್ನೇ ಬಳಸಿದರು. ಹಲವು ಕಂಪನಿಗಳ ಫಂಡ್ ಇದ್ದರೆ ಎಂಎಫ್ ಸೆಂಟ್ರಲ್‌ನಲ್ಲಿ ಎಲ್ಲ ಒಂದೇ ಕಡೆ ಸಿಗುತ್ತದೆ. ಅದು ಕ್ಯಾಮ್ಸ್ ಮತ್ತು ಕೆಫಿನ್‌ಟೆಕ್ ಸೇರಿ ನಡೆಸುವುದು, ಯೂನಿಟ್ಟುಗಳ ಲೆಕ್ಕ ಇಡುವವರು ಅವರೇ. ಸ್ವಿಚ್ ಒತ್ತುವ ಮೊದಲು "ಎಲ್ಲಿಗೆ" ಅನ್ನುವ ಜಾಗದಲ್ಲಿ ಅದೇ ಫಂಡಿನ `Direct Plan - Growth` ಇದೆಯಾ ನೋಡಿ. ಪಟ್ಟಿಯಲ್ಲಿ `IDCW` ಅನ್ನುವುದೂ ಪಕ್ಕದಲ್ಲೇ ಇರುತ್ತದೆ, ಅದು ಆಗಾಗ ದುಡ್ಡು ಹಂಚುವ ಆಯ್ಕೆ. ಅವಸರದಲ್ಲಿ ಅದರ ಮೇಲೆ ಬೆರಳು ಬೀಳುವುದು ಸುಲಭ.

ಇಷ್ಟೆಲ್ಲ ಹೇಳಿ, ಎಲ್ಲರೂ ಡೈರೆಕ್ಟ್‌ಗೇ ಹೋಗಿ ಅಂತ ನಾನು ಹೇಳುವುದಿಲ್ಲ. 2020ರ ಮಾರ್ಚ್‌ನಲ್ಲಿ ಮಾರುಕಟ್ಟೆ ಬಿದ್ದಾಗ ನನ್ನ ಪರಿಚಯದವರೊಬ್ಬರು ಮೊಬೈಲಿನಲ್ಲಿ ಎಲ್ಲವನ್ನೂ ಮಾರಿ ಕೂತರು. ಅವರದು ಡೈರೆಕ್ಟ್ ಪ್ಲಾನ್. ಮಾರುಕಟ್ಟೆ ಮೇಲೆದ್ದ ಮೇಲೂ ವಾಪಸ್ ಹೋಗುವುದಕ್ಕೆ ಧೈರ್ಯ ಬರಲಿಲ್ಲ. ಆ ಒಂದು ದಿನ ಕಳೆದುಕೊಂಡದ್ದು ಎಷ್ಟೋ ವರ್ಷದ ಕಮಿಷನ್ನಿಗಿಂತ ಜಾಸ್ತಿ. ಅದೇ ವಾರ ಭಾವನೂ ಹೆದರಿದ್ದರು. ಏಜೆಂಟರು ಫೋನಿನಲ್ಲಿ "ಆರು ತಿಂಗಳು ಸ್ಟೇಟ್‌ಮೆಂಟ್ ನೋಡಬೇಡಿ" ಅಂದರಂತೆ. ಭಾವ ಆ ಮಾತನ್ನು ಎಷ್ಟು ಗಟ್ಟಿಯಾಗಿ ಹಿಡಿದರು ಅಂದರೆ ಆರು ವರ್ಷ ನೋಡಲಿಲ್ಲ.

ಲೆಕ್ಕ ಹಾಕಿದರೆ ಈ ಎಂಟು ವರ್ಷದಲ್ಲಿ ರೆಗ್ಯುಲರ್‌ನಲ್ಲಿದ್ದದ್ದಕ್ಕೆ ಭಾವನಿಗೆ ಸುಮಾರು 90 ಸಾವಿರ ಕಡಿಮೆ ಬಂದಿದೆ. ಆ ಒಂದು ಫೋನಿಗೆ ಅಷ್ಟು ಬೆಲೆ ಇತ್ತಾ? ನನ್ನ ಪ್ರಕಾರ ಇತ್ತು. ಮುಂದಿನ ಎಂಟು ವರ್ಷಕ್ಕೆ ಮತ್ತೆ ಅಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಕೊಡಬೇಕಾ ಅನ್ನುವುದು ಬೇರೆ ಪ್ರಶ್ನೆ. ಏಜೆಂಟರು ಒಳ್ಳೆಯವರು ಅನ್ನುವುದಕ್ಕೆ ನಾನು ನೋಡುವ ಗುರುತು ಒಂದೇ: ಎಂಟು ವರ್ಷದಲ್ಲಿ ಫಂಡ್ ಬದಲಾಯಿಸಿಲ್ಲ. ಕೆಲವರು ವರ್ಷ ವರ್ಷ ಹೊಸ ಫಂಡ್ ಬಂದಾಗೆಲ್ಲ ಹಳೆಯದನ್ನು ಮಾರಿಸಿ ಅದಕ್ಕೆ ಹಾಕಿಸುತ್ತಾರೆ, ಸಣ್ಣ ಹೊಸ ಫಂಡಿನಲ್ಲಿ ಕಮಿಷನ್ ದರ ಜಾಸ್ತಿ ಇರಬಹುದು ಅಂತ. ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಹನ್ನೆರಡು ಫಂಡ್ ಇದ್ದು, ಒಂದಕ್ಕೂ ಮೂರು ವರ್ಷ ತುಂಬಿಲ್ಲ ಅಂದರೆ ಕಮಿಷನ್ನಿನ ಜೊತೆ ತೆರಿಗೆಯೂ ಹೋಗುತ್ತಿದೆ.

ಕೊನೆಗೆ ಭಾವ ಒಂದು ನಿರ್ಧಾರ ಮಾಡಿದರು, ಅದು ನನಗೆ ಹೊಳೆದಿರಲಿಲ್ಲ. ಅಕ್ಕನ ಹೆಸರಿನಲ್ಲಿ ಅದೇ ಏಜೆಂಟರ ಮೂಲಕ 2 ಲಕ್ಷದಷ್ಟು ಇದೆ. ಅದನ್ನು ರೆಗ್ಯುಲರ್‌ನಲ್ಲೇ ಬಿಡುತ್ತಾರಂತೆ. ಕೆಳಗಿನ ಮಹಡಿಯವರು ತೀರಿಕೊಂಡಾಗ ಅವರ ಹೆಂಡತಿಯ ಹೆಸರಿಗೆ ಯೂನಿಟ್ ವರ್ಗಾಯಿಸುವ ಕಾಗದಪತ್ರಗಳನ್ನೆಲ್ಲ ಈ ಏಜೆಂಟರೇ ಓಡಾಡಿ ಮಾಡಿಸಿಕೊಟ್ಟಿದ್ದರು. "ವರ್ಷಕ್ಕೆ ಎರಡು ಸಾವಿರ ಹೋಗಲಿ. ನಾನಿಲ್ಲದಾಗ ಅವಳಿಗೆ ಫೋನ್ ಮಾಡ್ಲಿಕ್ಕೆ ಒಬ್ಬರು ಬೇಕಲ್ಲ," ಅಂದರು. ಅಕ್ಕ ಒಳಗಿದ್ದರು, ಕೇಳಿಸಿತೋ ಇಲ್ಲವೋ.

ಮಾರ್ಚ್‌ನ ಸ್ವಿಚ್ ಆದ ಮರುದಿನ ಏಜೆಂಟರ ಫೋನ್ ಬಂತಂತೆ. ಭಾವ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಏಪ್ರಿಲ್‌ನದ್ದು ಮಾಡುವಾಗ ರಿಪೇರಿ ದುಡ್ಡಿನ ಲಾಭ ಸೇರಿಸಿ ಲೆಕ್ಕ ಹಾಕಿ, ಮಿತಿ ದಾಟೀತು" ಅಂದರಂತೆ.